ಕೆಂಪು ಸಾಲಿನ ಒಂದು ನಾಣ್ಯ

ಮಕ್ಕಳಿಗಾಗಿ ಗಣಿತದ ಪುಟ್ಟ ವಿಡಿಯೋ ಮಾಡುತ್ತೇನೆ. ಚಕ್ರಬಡ್ಡಿಗೆ ನಾನೇ ಹಾಕಿಕೊಂಡ ಷರತ್ತು: 40 ಸೆಕೆಂಡು, ಒಂದೇ ಚಿತ್ರ.

ಮೊದಲು ಬರೆದದ್ದು ಕೋಳಿ, ಅದರ ಮರಿ, ಆ ಮರಿಯ ಮರಿ. ಹತ್ತು ವರ್ಷದ ಅಕ್ಕನ ಮಗಳಿಗೆ ತೋರಿಸಿದೆ. "ಮಾಮ, ಹುಂಜ ಎಲ್ಲಿ?" ಅಂದಳು. ಅಲ್ಲಿಗೆ ಕೋಳಿ ಕಥೆ ಮುಗಿಯಿತು. ಹುಂಜ ಹೋಗಲಿ, ಕೋಳಿ ಎಷ್ಟು ಮರಿ ಮಾಡುತ್ತೆ ಅಂತ ಯಾರಿಗೆ ಗೊತ್ತು? ಬಡ್ಡಿಗೆ ಲೆಕ್ಕ ಇದೆ.

ಆಮೇಲೆ ಒಂದು ರೂಪಾಯಿ ನಾಣ್ಯಗಳನ್ನು ಮೇಜಿನ ಮೇಲೆ ಜೋಡಿಸಿದೆ. ಸಾಲಿಗೆ ಹತ್ತು, ಒಟ್ಟು ಹತ್ತು ಸಾಲು. ಬಡ್ಡಿ 10 ಪರ್ಸೆಂಟ್ ಅಂದರೆ ಸಾಲಿಗೊಂದು ನಾಣ್ಯ ಬಂತು. ಮಗುವಿಗೆ ಶೇಕಡಾ ಅನ್ನೋ ಮಾತೇ ಬೇಡ. ಹಾಗೆ ಬಂದ ಹತ್ತು ನಾಣ್ಯ ಕೆಳಗೆ ಹನ್ನೊಂದನೇ ಸಾಲಾಗಿ ಕೂತಿತು. ಚಿತ್ರದಲ್ಲಿ ಅದಕ್ಕೆ ಕೆಂಪು ಬಳಿದೆ. ಎರಡನೇ ವರ್ಷದ ನಾಣ್ಯಗಳು ಪ್ರತಿ ಸಾಲಿನ ಬಲತುದಿಯಲ್ಲಿ ಒಂದೊಂದು. ಕೆಂಪು ಸಾಲಿನ ತುದಿಯಲ್ಲೂ ಒಂದು. ಅದಕ್ಕೊಂದು ಸುತ್ತು ಹಾಕಿದೆ.

ಕೊನೆಗೆ ನಿಂತ ಮಾತು ಇದು:

"ಇಲ್ಲಿ ನೂರು ನಾಣ್ಯ ಇದೆ. ಸಾಲಿಗೆ ಹತ್ತು. ಇದನ್ನು ಬ್ಯಾಂಕಿಗೆ ಕೊಟ್ಟೆ. ವರ್ಷಕ್ಕೊಮ್ಮೆ ಬ್ಯಾಂಕು ಸಾಲಿಗೊಂದು ನಾಣ್ಯ ಕೊಡುತ್ತೆ ಅಂದುಕೋ. ಹತ್ತು ಸಾಲಿಗೆ ಹತ್ತು ನಾಣ್ಯ. ಖರ್ಚು ಮಾಡಲಿಲ್ಲ, ಅಲ್ಲೇ ಬಿಟ್ಟೆ. ಅದೇ ಈ ಕೆಂಪು ಸಾಲು. ಈಗ ಎಷ್ಟು ಸಾಲು? ಹನ್ನೊಂದು! ಮುಂದಿನ ವರ್ಷ ಹನ್ನೊಂದು ನಾಣ್ಯ ಬಂತು. ಸುತ್ತು ಹಾಕಿದ ನಾಣ್ಯ ನೋಡು. ಅದನ್ನು ಕೊಟ್ಟಿದ್ದು ನಾನು ಇಟ್ಟ ದುಡ್ಡಲ್ಲ, ಬಡ್ಡಿ ದುಡ್ಡು. ಬಡ್ಡಿಗೆ ಬಂದ ಬಡ್ಡಿ. ಇದೇ ಚಕ್ರಬಡ್ಡಿ. ಇಪ್ಪತ್ತು ವರ್ಷ ಹೀಗೇ ಬಿಟ್ಟರೆ ನೂರು ರೂಪಾಯಿ ಸುಮಾರು 673 ಆಗುತ್ತೆ. ಬಡ್ಡಿಗೆ ಬಡ್ಡಿ ಇಲ್ಲದಿದ್ದರೆ ಬರೀ 300."

ಕೊನೆಯ ಎರಡು ವಾಕ್ಯ ಮೊದಲು ಇರಲಿಲ್ಲ. "ಒಂದೇ ರೂಪಾಯಿಗೆ ಇಷ್ಟೆಲ್ಲಾನಾ?" ಅಂತ ಅಕ್ಕನ ಮಗಳು ಕೇಳಿದ ಮೇಲೆ ಸೇರಿಸಿದ್ದು. "ಹನ್ನೊಂದು!" ಅನ್ನೋ ಮುಂಚೆ ಒಂದು ಉಸಿರು ನಿಲ್ಲಬೇಕು, ಮಗು ತಾನೇ ಎಣಿಸಲಿ. ಅಸಲು, ಅವಧಿ, ದರ ಅಂತ ತುಂಬಿದ್ದಾಗ ಓದಲು ಒಂದು ನಿಮಿಷ ಹಿಡಿದಿತ್ತು. ಅವು ಹೋದವು.

ಅರ್ಥ ಆಯಿತಾ ಅಂತ ಕೇಳಬಾರದು. ಎಲ್ಲರೂ ಹೂಂ ಅಂತಾರೆ. ನಾನು ಕೇಳೋದು, "ಈಗ 121 ಇದೆ. ಮೂರನೇ ವರ್ಷ ಎಷ್ಟಾಗುತ್ತೆ?" 131 ಅಂದರೆ ಕೆಂಪು ಸಾಲು ಕಣ್ಣಿಗೇ ಬಿದ್ದಿಲ್ಲ. 132 ಅಂದರೆ ಪ್ರತಿ ವರ್ಷ ಹನ್ನೊಂದೇ ಅಂದುಕೊಂಡಿದೆ. ನಾಣ್ಯಗಳನ್ನು ಮತ್ತೆ ಸಾಲಿಗೆ ಹತ್ತರಂತೆ ಜೋಡಿಸಿ, ಹನ್ನೆರಡು ಸಾಲು ಎಣಿಸಿ 133 ಅಂದರೆ ಗೆದ್ದಂತೆ.

ಈ ಚಿತ್ರ 10 ಪರ್ಸೆಂಟ್‌ಗೆ ಮಾತ್ರ ಚೆನ್ನ. 5 ಪರ್ಸೆಂಟ್ ಅಂದರೆ ಎರಡು ಸಾಲಿಗೆ ಒಂದು ನಾಣ್ಯ, ಕೆಂಪು ಸಾಲು ಪೂರ್ತಿ ತುಂಬೋದಿಲ್ಲ. ಉಳಿತಾಯ ಖಾತೆಯಲ್ಲಿ ಇಷ್ಟೊಂದು ಬಡ್ಡಿ ಸಿಗಲ್ಲ ಅಂತ ವಿಡಿಯೋ ಮುಗಿದ ಮೇಲೆ ಬಾಯಲ್ಲೇ ಹೇಳುತ್ತೇನೆ.

ಅಕ್ಕನ ಮಗಳು 133 ಅಂದಳು. ಆಮೇಲೆ 121ರಲ್ಲಿ ಸಾಲಿಗೆ ಸೇರದೆ ಉಳಿದ ನಾಣ್ಯ ತೋರಿಸಿ, "ಇದಕ್ಕೆ ಏನೂ ಇಲ್ವಾ?" ಅಂತ ಕೇಳಿದಳು. ಹತ್ತು ಪೈಸೆ ಅಂದೆ. ಹತ್ತು ಪೈಸೆ ಹೇಗಿರುತ್ತೆ ಅಂತ ಅವಳಿಗೆ ತೋರಿಸೋಕೆ ನನ್ನ ಹತ್ತಿರ ನಾಣ್ಯ ಇರಲಿಲ್ಲ.