ಹತ್ತನೇ ಕ್ಲಾಸಿನ ಇಂಗ್ಲಿಷ್ ಪೇಪರ್: ಮೂರು ಗಂಟೆಯನ್ನು ಹಂಚಿಕೊಳ್ಳುವುದು ಹೇಗೆ?

ಸಿಬಿಎಸ್‌ಇ ಹತ್ತನೇ ತರಗತಿಯ ಇಂಗ್ಲಿಷ್ ಪೇಪರ್ 80 ಅಂಕದ್ದು. ಸಮಯ 180 ನಿಮಿಷ. ಭಾಗಿಸಿದರೆ ಒಂದು ಅಂಕಕ್ಕೆ ಎರಡೂ ಕಾಲು ನಿಮಿಷ ಸಿಗುತ್ತದೆ. ತುಂಬ ಮಕ್ಕಳು ಇದೇ ಲೆಕ್ಕ ಹಿಡಿದು ಹೋಗುತ್ತಾರೆ, ಕೊನೆಗೆ ಆರು ಅಂಕದ ಪ್ರಶ್ನೆಯೊಂದನ್ನು ಅರ್ಧಕ್ಕೆ ಬಿಟ್ಟು ಬರುತ್ತಾರೆ. ಗ್ರಾಮರ್‌ನ ಒಂದು ಅಂಕಕ್ಕೆ ಒಂದು ನಿಮಿಷ ಸಾಕು, ಲೆಟರ್‌ನ ಒಂದು ಅಂಕಕ್ಕೆ ಮೂರು ನಿಮಿಷಕ್ಕಿಂತ ಜಾಸ್ತಿ ಬೇಕು. ಹಾಗಾಗಿ ಎಲ್ಲ ಅಂಕಕ್ಕೂ ಒಂದೇ ಅಳತೆ ಹಾಕಿದರೆ ಲೆಕ್ಕ ತಪ್ಪುತ್ತದೆ.

ಪೇಪರಿನಲ್ಲಿ ಮೂರು ಭಾಗಗಳಿವೆ. ರೀಡಿಂಗ್‌ಗೆ 20 ಅಂಕ. ಗ್ರಾಮರ್ ಮತ್ತು ರೈಟಿಂಗ್ ಸೇರಿ 20. ಪಠ್ಯಪುಸ್ತಕದ ಪ್ರಶ್ನೆಗಳಿಗೆ, ಅಂದರೆ ಲಿಟರೇಚರ್‌ಗೆ, 40. ಅರ್ಧ ಪೇಪರ್ ಕೊನೆಯಲ್ಲಿದೆ ಅನ್ನುವುದನ್ನು ಗಮನಿಸಿ. ಸಮಯ ಸೋರಿಹೋಗುವುದು ಮಾತ್ರ ಮೊದಲ ಒಂದೂವರೆ ಗಂಟೆಯಲ್ಲಿ.

ಮನೆಯಲ್ಲೇ ಮಾಡಬೇಕಾದ ಕೆಲಸ

ನೀವು ಬರೆದ ಹಳೇ ನೋಟ್‌ಬುಕ್ ತೆಗೆದು, ಒಂದು ಸಾಲಿನಲ್ಲಿ ಎಷ್ಟು ಪದ ಹಿಡಿಯುತ್ತದೆ ಎಂದು ಎಣಿಸಿ. ಎಂಟು ಪದ ಅಂದುಕೊಳ್ಳೋಣ. ಮೂರು ಅಂಕದ ಉತ್ತರಕ್ಕೆ 40ರಿಂದ 50 ಪದ ಕೇಳುತ್ತಾರೆ, ಅಂದರೆ ಆರು ಸಾಲು. ಲೆಟರ್, ಪ್ಯಾರಾಗ್ರಾಫ್, ಆರು ಅಂಕದ ಉತ್ತರ ಎಲ್ಲಕ್ಕೂ 100ರಿಂದ 120 ಪದ, ಅಂದರೆ ಹೆಚ್ಚೆಂದರೆ ಹದಿನೈದು ಸಾಲು. ಈ ಎರಡು ಸಂಖ್ಯೆ ತಲೆಯಲ್ಲಿದ್ದರೆ ಪರೀಕ್ಷೆಯಲ್ಲಿ ಪದ ಎಣಿಸುತ್ತಾ ಕೂರಬೇಕಾಗಿಲ್ಲ. ಮೂರು ಅಂಕದ ಉತ್ತರ ಹತ್ತನೇ ಸಾಲಿಗೆ ಹೋಯಿತೆಂದರೆ ಬೇರೆ ಉತ್ತರದ ಸಮಯವನ್ನು ನೀವು ತಿನ್ನುತ್ತಿದ್ದೀರಿ ಎಂದೇ ಅರ್ಥ. ಆ ನಾಲ್ಕು ಸಾಲಿಗೆ ಅಂಕವೂ ಸಿಗುವುದಿಲ್ಲ.

ಕೈಗೆ ಮುಳ್ಳಿನ ಗಡಿಯಾರ ಕಟ್ಟಿಕೊಳ್ಳಿ. ಸ್ಮಾರ್ಟ್ ವಾಚ್‌ನ್ನು ಒಳಗೆ ಬಿಡುವುದಿಲ್ಲ.

10:15ರಿಂದ 10:30: ಓದುವ ಸಮಯ

ಈ ಹದಿನೈದು ನಿಮಿಷ ಬರೆಯುವ ಹಾಗಿಲ್ಲ, ಓದಬಹುದು. ಸುಮಾರು ಮಕ್ಕಳು ಲಿಟರೇಚರ್ ಪುಟ ತೆರೆದು, ಗೊತ್ತಿರುವ ಪ್ರಶ್ನೆ ಬಂದಿದೆಯಾ ಎಂದು ಹುಡುಕುತ್ತಾರೆ. ಅದರಿಂದ ಸಮಾಧಾನ ಸಿಗಬಹುದು, ಸಮಯ ಉಳಿಯುವುದಿಲ್ಲ.

ಮೊದಲು ಪ್ಯಾಸೇಜ್‌ಗಳನ್ನು ಓದಿ. ಎರಡೂ ಸೇರಿ 600ರಿಂದ 700 ಪದ ಇರುತ್ತವೆ. ಮೊದಲು ಪ್ರಶ್ನೆಗಳ ಮೇಲೆ ಕಣ್ಣಾಡಿಸಿ, ಆಮೇಲೆ ಪ್ಯಾಸೇಜ್ ನಿಧಾನವಾಗಿ ಒಂದು ಸಲ. ಇದಕ್ಕೆ ಹತ್ತು ನಿಮಿಷ ಸಾಕು. ಉಳಿದ ಐದು ನಿಮಿಷದಲ್ಲಿ ಆಯ್ಕೆಗಳನ್ನು ಮುಗಿಸಿಬಿಡಿ: ಎರಡು ಲೆಟರ್‌ನಲ್ಲಿ ಯಾವುದು, ಎರಡು ಪ್ಯಾರಾಗ್ರಾಫ್‌ನಲ್ಲಿ ಯಾವುದು, ಸಣ್ಣ ಪ್ರಶ್ನೆಗಳ ಎರಡು ಗುಂಪಿನಲ್ಲಿ, ಅಂದರೆ ಐದರಲ್ಲಿ ಮತ್ತು ಮೂರರಲ್ಲಿ, ಬಿಡುವ ಒಂದೊಂದು ಯಾವುದು. ಬರೆಯುವ ಮಧ್ಯೆ ‘ಇದಾ, ಅದಾ’ ಎಂದು ಯೋಚಿಸಿದರೆ ಪ್ರತಿ ಸಲ ಎರಡು ನಿಮಿಷ ಹೋಗುತ್ತದೆ.

10:30ರಿಂದ 11:10: ರೀಡಿಂಗ್

ಗ್ರಾಮರ್‌ನಿಂದ ಶುರು ಮಾಡಿ ಎಂದು ಕೆಲವರು ಹೇಳುತ್ತಾರೆ. ನಾನು ಹಾಗೆ ಹೇಳುವುದಿಲ್ಲ. ಪ್ಯಾಸೇಜ್ ಈಗಷ್ಟೇ ಓದಿದ್ದೀರಿ, ತಲೆಯಲ್ಲಿ ಹಸಿಯಾಗಿದೆ. ತಡ ಮಾಡಿದರೆ ಮತ್ತೆ ಓದಬೇಕಾಗುತ್ತದೆ.

ಇಲ್ಲಿ ಸಮಯ ತಿನ್ನುವುದು ಒಂದು ಅಂಕದ ಹಟಮಾರಿ ಪ್ರಶ್ನೆ. ಉದಾಹರಣೆಗೆ, ಮೂರನೇ ಪ್ಯಾರಾದಲ್ಲಿ ಇಂಥ ಅರ್ಥ ಕೊಡುವ ಪದ ಯಾವುದು ಎಂದು ಕೇಳಿರುತ್ತಾರೆ. ಸಿಗುವುದಿಲ್ಲ. ಇನ್ನೊಂದು ಸಲ ಓದುತ್ತೀರಿ, ಮತ್ತೊಂದು ಸಲ ಓದುತ್ತೀರಿ, ಐದು ನಿಮಿಷ ಹೋಗಿಬಿಟ್ಟಿರುತ್ತದೆ. ಒಂದೂವರೆ ನಿಮಿಷದಲ್ಲಿ ಸಿಗದಿದ್ದರೆ ಪ್ರಶ್ನೆ ಸಂಖ್ಯೆ ಬರೆದು, ಎರಡು ಸಾಲು ಖಾಲಿ ಬಿಟ್ಟು ಮುಂದೆ ಹೋಗಿ. ಕೊನೆಯಲ್ಲಿ ಹೊಸ ಕಣ್ಣಿನಿಂದ ನೋಡಿದಾಗ ಅದು ಎಷ್ಟೋ ಸಲ ತಾನೇ ಸಿಗುತ್ತದೆ.

11:10ರಿಂದ 11:55: ಗ್ರಾಮರ್ ಮತ್ತು ರೈಟಿಂಗ್

ಗ್ರಾಮರ್‌ಗೆ ಹನ್ನೆರಡು ನಿಮಿಷ. ಹನ್ನೆರಡು ಕೊಟ್ಟು ಹತ್ತು ಮಾಡಿ ಎಂದಿರುತ್ತಾರೆ, ಹತ್ತೇ ಮಾಡಿ. ಉತ್ತರ ಗೊತ್ತಿದ್ದರೆ ತಕ್ಷಣ ಹೊಳೆಯುತ್ತದೆ. ಇಲ್ಲದಿದ್ದರೆ ಎಷ್ಟು ಹೊತ್ತು ನೋಡಿದರೂ ಪ್ರಯೋಜನ ಕಡಿಮೆ.

ಲೆಟರ್‌ಗೆ ಹದಿನೇಳು ನಿಮಿಷ. ಬೀದಿಯ ಕಸದ ಬಗ್ಗೆ ಪತ್ರಿಕೆಯ ಸಂಪಾದಕರಿಗೆ ಬರೆಯಬೇಕು ಅಂದುಕೊಳ್ಳಿ. ಮೊದಲ ಮೂರು ನಿಮಿಷದಲ್ಲಿ ಮೂರು ಅಂಶ ಗುರುತು ಹಾಕಿಕೊಳ್ಳಿ: ತೊಂದರೆ ಏನು, ಯಾರಿಗೆ, ಏನಾಗಬೇಕು. ಆಮೇಲೆ ವಿಳಾಸ, ದಿನಾಂಕ, ವಿಷಯ ಬರೆಯಲು ಮೂರು ನಿಮಿಷ. ಒಂದೊಂದು ಅಂಶಕ್ಕೆ ನಾಲ್ಕೈದು ಸಾಲಿನಂತೆ ಹತ್ತು ನಿಮಿಷ ಬರೆದು, ಕೊನೆಯ ಒಂದು ನಿಮಿಷ ಓದಿ ನೋಡಿ. ಅಂಶಗಳಿಲ್ಲದೆ ಶುರು ಮಾಡಿದವರು ಮೊದಲ ಪ್ಯಾರಾದಲ್ಲೇ ಎಲ್ಲ ಹೇಳಿಬಿಡುತ್ತಾರೆ. ಆಮೇಲೆ ಅದನ್ನೇ ಬೇರೆ ಮಾತಿನಲ್ಲಿ ಹೇಳುತ್ತಾ ಸಮಯ ಕಳೆಯುತ್ತಾರೆ.

ಚಾರ್ಟ್ ನೋಡಿ ಬರೆಯುವ ಪ್ಯಾರಾಗ್ರಾಫ್‌ಗೆ ಹದಿನಾರು ನಿಮಿಷ. ಚಾರ್ಟ್‌ನ ಎಲ್ಲ ಅಂಕಿಗಳನ್ನೂ ಬರೆಯಲು ಹೋಗಬೇಡಿ. ಅತಿ ಹೆಚ್ಚು, ಅತಿ ಕಡಿಮೆ, ಎದ್ದು ಕಾಣುವ ಒಂದು ವ್ಯತ್ಯಾಸ, ಇಷ್ಟನ್ನು ಹಿಡಿದರೆ ಹದಿನೈದು ಸಾಲು ತುಂಬುತ್ತದೆ.

11:55ರಿಂದ 1:15: ಲಿಟರೇಚರ್

ಎಂಬತ್ತು ನಿಮಿಷ ಕೈಯಲ್ಲಿದೆ. ಪಾಠದ ಮತ್ತು ಪದ್ಯದ ಸಾಲು ಕೊಟ್ಟು ಕೇಳುವ ಎರಡು ಪ್ರಶ್ನೆಗಳಿಗೆ ಹದಿನೈದು ನಿಮಿಷ. ಮುಂದೆ ಸಣ್ಣ ಪ್ರಶ್ನೆಗಳಿಗೆ ಹೋಗದೆ, ನೇರ ಆರು ಅಂಕದ ಎರಡು ಪ್ರಶ್ನೆಗಳಿಗೆ ಹೋಗಿ. ತಲಾ ಹದಿನಾಲ್ಕು ನಿಮಿಷ. ಸಮಯ ಸಾಲದೇ ಹೋದಾಗ ಮೂರು ಅಂಕದ ಉತ್ತರವನ್ನು ಮೂರು ನಿಮಿಷದಲ್ಲಿ, ಎರಡೇ ಅಂಶದಲ್ಲಿ ಬರೆದು ಸ್ವಲ್ಪವಾದರೂ ಅಂಕ ಗಳಿಸಬಹುದು. ಆರು ಅಂಕದ್ದನ್ನು ಹಾಗೆ ಓಡಿಸಲು ಆಗುವುದಿಲ್ಲ.

ಆರು ಅಂಕದ ಪ್ರಶ್ನೆ ಸಾಮಾನ್ಯವಾಗಿ ಕಥೆ ಹೇಳಿ ಎಂದು ಕೇಳುವುದಿಲ್ಲ. ಎರಡು ಪಾತ್ರಗಳನ್ನು ಹೋಲಿಸಿ ಎನ್ನುತ್ತದೆ, ಅಥವಾ ಪಾತ್ರವೊಂದರ ಡೈರಿ ಬರೆಯಿರಿ ಎನ್ನುತ್ತದೆ. ನಾಲ್ಕನೇ ಸಾಲಿಗೆ ಬಂದರೂ ನೀವಿನ್ನೂ ಕಥೆಯ ಆರಂಭವನ್ನೇ ಹೇಳುತ್ತಿದ್ದರೆ, ಅಲ್ಲೇ ನಿಲ್ಲಿಸಿ ಪ್ರಶ್ನೆಯನ್ನು ಮತ್ತೆ ಓದಿ. ಆಮೇಲೆ ಆರು ಸಣ್ಣ ಪ್ರಶ್ನೆಗಳು, ಒಂದಕ್ಕೆ ಆರು ನಿಮಿಷ.

ಹಿಂದೆ ಬಿದ್ದರೆ?

11:55ಕ್ಕೆ ಮುಗಿಯಬೇಕಿದ್ದ ಪ್ಯಾರಾಗ್ರಾಫ್ 12:10ಕ್ಕೆ ಮುಗಿಯಿತು ಎಂದುಕೊಳ್ಳಿ. ಹದಿನೈದು ನಿಮಿಷ ಸಾಲ ಆಗಿದೆ. ಒಂದೇ ಉತ್ತರದಿಂದ ಇದನ್ನೆಲ್ಲ ಕತ್ತರಿಸಬೇಡಿ, ಹಂಚಿ. ಸಣ್ಣ ಉತ್ತರಗಳಿಗೆ ಆರರ ಬದಲು ಐದು ನಿಮಿಷ ಕೊಟ್ಟರೆ ಆರು ನಿಮಿಷ ಉಳಿಯುತ್ತದೆ. ದೊಡ್ಡ ಉತ್ತರಗಳಿಗೆ ಹನ್ನೆರಡು ಕೊಟ್ಟರೆ ನಾಲ್ಕು. ಕೊನೆಯ ಪರಿಶೀಲನೆ ಹದಿನೈದರಿಂದ ಹತ್ತಕ್ಕೆ ಇಳಿದರೆ ಐದು. ಸಾಲ ತೀರಿತು, ಅಲ್ವಾ? ಸಾಲು ಕೊಟ್ಟು ಕೇಳುವ ಪ್ರಶ್ನೆಗಳ ಸಮಯವನ್ನು ಮಾತ್ರ ಮುಟ್ಟಬೇಡಿ. ಉತ್ತರಕ್ಕೆ ಬೇಕಾದ ಸಾಲು ಅಲ್ಲೇ ಅಚ್ಚಾಗಿರುತ್ತದೆ, ಅವಸರದಲ್ಲಿ ತಪ್ಪು ಓದಿದರೆ ಸುಲಭದ ಅಂಕ ಹೋಗುತ್ತದೆ.

1:15ರಿಂದ 1:30

ಪೂರ್ತಿ ಉತ್ತರಪತ್ರಿಕೆ ಓದಲು ಹದಿನೈದು ನಿಮಿಷ ಸಾಲದು, ಓದಲು ಹೋಗಲೂಬೇಡಿ. ಮೊದಲು ರೀಡಿಂಗ್‌ನಲ್ಲಿ ಖಾಲಿ ಬಿಟ್ಟ ಸಾಲುಗಳನ್ನು ತುಂಬಿ. ಆಮೇಲೆ ಪ್ರಶ್ನೆ ಸಂಖ್ಯೆಗಳನ್ನು ಪ್ರಶ್ನೆಪತ್ರಿಕೆಯ ಜೊತೆ ಒಂದೊಂದಾಗಿ ತಾಳೆ ನೋಡಿ. ಆರು ಅಂಕದ ಪ್ರಶ್ನೆಗಳನ್ನು ಮೊದಲು ಬರೆದಿದ್ದರೆ ಸಂಖ್ಯೆ ಅದಲುಬದಲಾಗುವುದು ಜಾಸ್ತಿ. ಇನ್ನೂ ಸಮಯ ಇದ್ದರೆ ಕೊನೆಗೆ ಬರೆದ ಸಣ್ಣ ಉತ್ತರಗಳನ್ನು ಓದಿ. ಕೈ ಸೋತು ಬರೆದ ಆ ಸಾಲುಗಳಲ್ಲೇ ಸ್ಪೆಲ್ಲಿಂಗ್ ತಪ್ಪು, ಬಿಟ್ಟುಹೋದ ಪದಗಳು ಹೆಚ್ಚಿರುತ್ತವೆ.