ಫೇಸ್‌ಬುಕ್‌ನಲ್ಲಿ ಕಂಪನಿಯನ್ನು ಬೈದರೆ ಕೆಲಸ ಹೋಗುತ್ತದೆಯೇ? ಪೋಸ್ಟನ್ನು ತೂಗಿ ನೋಡುವ ಕ್ರಮ

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆಯ ಒಂದು ಗೋಡಂಬಿ ಕಾರ್ಖಾನೆ ಎಂದಿಟ್ಟುಕೊಳ್ಳಿ. ನೂರಿಪ್ಪತ್ತು ಮಂದಿಯ ಕೆಲಸ. ಪ್ಯಾಕಿಂಗ್ ವಿಭಾಗದ ಒಬ್ಬರಿಗೆ ಒಂದು ಸಂಜೆ ಕವರು ಬರುತ್ತದೆ. ‘ಸಾಮಾಜಿಕ ಜಾಲತಾಣದಲ್ಲಿ ಸಂಸ್ಥೆಯ ಮಾನ ಕಳೆದಿದ್ದೀರಿ, ನಿಮ್ಮನ್ನು ಅಮಾನತು ಮಾಡಲಾಗಿದೆ, ಏಳು ದಿನದಲ್ಲಿ ಉತ್ತರ ಕೊಡಿ.’ ಜೊತೆಗೆ ಮೂರು ಸ್ಕ್ರೀನ್‌ಶಾಟ್.

ಮೊದಲನೆಯದು ಇಪ್ಪತ್ತೆಂಟು ಸಹೋದ್ಯೋಗಿಗಳಿರುವ ವಾಟ್ಸ್‌ಆ್ಯಪ್ ಗುಂಪಿನದು: ‘ಎರಡು ತಿಂಗಳಿಂದ ಓವರ್‌ಟೈಮ್ ದುಡ್ಡಿಲ್ಲ. ನಮ್ಮ ಹೊಟ್ಟೆಗೆ ಹೊಡೆಯುತ್ತಾ ಇದ್ದಾರೆ.’ ಎರಡನೆಯದು ಎಲ್ಲರಿಗೂ ಕಾಣುವ ಫೇಸ್‌ಬುಕ್ ಪೋಸ್ಟು. ಬೀಗ ಹಾಕಿದ ಹಿಂಬಾಗಿಲಿನ ಫೋಟೋ, ಅದರ ಕೆಳಗೆ ‘ಬೆಂಕಿ ಬಿದ್ದರೆ ನಾವು ಓಡುವುದು ಎಲ್ಲಿಂದ?’ ಮೂರನೆಯದೂ ಫೇಸ್‌ಬುಕ್ಕೇ: ‘ಹುಳ ಹಿಡಿದ ಬೀಜಕ್ಕೆ ಪಾಲಿಶ್ ಹೊಡೆದು ಕಳಿಸುತ್ತಾರೆ, ಇವರ ಮಾಲು ಯಾರೂ ತೆಗೆದುಕೊಳ್ಳಬೇಡಿ.’ ಅದರೊಂದಿಗೆ ಗಿರಾಕಿಯ ಹೆಸರು, ದರ ಎಲ್ಲ ಕಾಣುವ ಆರ್ಡರ್ ಹಾಳೆಯ ಫೋಟೋ.

ಈ ಮೂರನ್ನೂ ಒಂದೇ ಗಂಟು ಕಟ್ಟಿ ‘ಶಿಸ್ತು ಉಲ್ಲಂಘನೆ’ ಎಂದು ಬರೆಯುವುದು ಆಡಳಿತ ಮಾಡುವ ಮೊದಲ ತಪ್ಪು. ಮೂರಕ್ಕೂ ಸೇರಿಸಿ ‘ನನಗೆ ಮಾತಾಡುವ ಹಕ್ಕಿದೆ’ ಎಂದು ಒಂದೇ ಸಾಲು ಉತ್ತರ ಕೊಡುವುದು ನೌಕರ ಮಾಡುವ ಮೊದಲ ತಪ್ಪು. ಒಂದೊಂದನ್ನೂ ಬೇರೆಯಾಗಿ ತೂಗಬೇಕು.

ಮೊದಲು ಮೂಲ ಮಾತು ಕೈಯಲ್ಲಿರಲಿ

ಕಾಸರಗೋಡಿನಲ್ಲಿ ಇದು ಬಹಳ ಮುಖ್ಯ. ನಾವು ಬರೆಯುವುದು ಕನ್ನಡದಲ್ಲಿ, ಕೆಲವೊಮ್ಮೆ ತುಳು ಬೆರೆಸಿ. ಆರೋಪಪತ್ರ ಬರುವುದು ಮಲಯಾಳದಲ್ಲಿ ಅಥವಾ ಇಂಗ್ಲಿಷಿನಲ್ಲಿ. ‘ಹೊಟ್ಟೆಗೆ ಹೊಡೆಯುತ್ತಾ ಇದ್ದಾರೆ’ ಎಂದರೆ ಅನ್ನ ಕಸಿಯುತ್ತಿದ್ದಾರೆ ಎಂದು ನಮಗೆ ಗೊತ್ತು. ದೂರದ ಮುಖ್ಯ ಕಚೇರಿಯಲ್ಲಿ ಕೂತವರು ಅದನ್ನು ಪದಕ್ಕೆ ಪದ ಇಂಗ್ಲಿಷಿಗೆ ತಂದರೆ, ಮ್ಯಾನೇಜರು ಕೆಲಸಗಾರರ ಹೊಟ್ಟೆಗೆ ಗುದ್ದಿದರು ಎಂದಾಗುತ್ತದೆ. ಆಗ ‘ಹಲ್ಲೆ ಮಾಡಿದರೆಂದು ಸುಳ್ಳು ಆರೋಪ’ ಎಂಬ ಹೊಸ ಅಪರಾಧ ಹುಟ್ಟಿಕೊಳ್ಳುತ್ತದೆ.

ಆದ್ದರಿಂದ ಆರೋಪಪತ್ರದಲ್ಲಿ ಪೋಸ್ಟಿನ ಮೂಲ ಪದಗಳು, ಹಾಕಿದ ದಿನಾಂಕ, ಎಲ್ಲಿ ಹಾಕಿದ್ದು ಎಂಬುದು ಇದೆಯೇ ಎಂದು ಮೊದಲು ನೋಡಿ. ‘ಅವಹೇಳನಕಾರಿ ಬರಹ’ ಎಂದಷ್ಟೇ ಇದ್ದರೆ ಯಾವುದಕ್ಕೆ ಉತ್ತರ ಕೊಡುವುದು? ನಿಮಗೆ ಓದಲು ಬಾರದ ಭಾಷೆಯಲ್ಲಿ ಇದ್ದರೆ ಕನ್ನಡ ಪ್ರತಿ ಬೇಕೆಂದು, ಅದು ಸಿಕ್ಕಿದ ಮೇಲೆ ಉತ್ತರಕ್ಕೆ ಸಮಯ ಬೇಕೆಂದು ಕೊಟ್ಟ ಗಡುವಿನ ಒಳಗೇ ಬರೆದು ಕೊಡಿ, ನಕಲಿಗೆ ಸ್ವೀಕೃತಿ ಸಹಿ ಹಾಕಿಸಿಕೊಳ್ಳಿ. ಆರೋಪ ಏನೆಂದು ಅರ್ಥವಾಗದವನ ಮೇಲೆ ನಡೆಸಿದ ವಿಚಾರಣೆ ಮುಂದೆ ಕೋರ್ಟಿನಲ್ಲಿ ನಿಲ್ಲುವುದು ಕಷ್ಟ.

ಪೋಸ್ಟು ಅಳಿಸಿದರೆ ಮುಗಿಯಿತು ಎಂದು ಎಷ್ಟೋ ಮಂದಿ ತಿಳಿದಿದ್ದಾರೆ. ಸ್ಕ್ರೀನ್‌ಶಾಟ್ ಅವರಲ್ಲಿ ಉಳಿದಿರುತ್ತದೆ. ಅದರ ಹಿಂದೆ ಮುಂದೆ ನಡೆದ ಮಾತುಕತೆ, ನಿಮಗೆ ಅನುಕೂಲವಾದದ್ದು, ಅಳಿದು ಹೋಗಿರುತ್ತದೆ. ಎಲ್ಲರಿಗೂ ಕಾಣದಂತೆ ಮಾಡಿ, ಆದರೆ ಅದಕ್ಕೆ ಮೊದಲು ಪೂರ್ತಿ ಸಂಭಾಷಣೆಯ ಪ್ರತಿ ತೆಗೆದಿಟ್ಟುಕೊಳ್ಳಿ.

ಯಾರ ಎದುರು ಹೇಳಿದ್ದು?

ವಾಟ್ಸ್‌ಆ್ಯಪ್ ಗುಂಪಿನ ಮಾತನ್ನು ಮದ್ರಾಸ್ ಹೈಕೋರ್ಟಿನ ಮಧುರೈ ಪೀಠ 2023ರಲ್ಲಿ ನೇರವಾಗಿ ಎದುರಿಸಿತು. ತಮಿಳುನಾಡು ಗ್ರಾಮ ಬ್ಯಾಂಕಿನ ಕಚೇರಿ ಸಹಾಯಕರೊಬ್ಬರು, ಸಂಘದಲ್ಲೂ ಓಡಾಡುವವರು, ಸಹೋದ್ಯೋಗಿಗಳ ಗುಂಪಿನಲ್ಲಿ ಆಡಳಿತವನ್ನು ಟೀಕಿಸಿ ಹಾಕಿದ್ದಕ್ಕೆ ಬ್ಯಾಂಕು ಆರೋಪಪತ್ರ ಕೊಟ್ಟಿತ್ತು. ನ್ಯಾಯಮೂರ್ತಿ ಜಿ.ಆರ್. ಸ್ವಾಮಿನಾಥನ್ ಅದನ್ನು ರದ್ದು ಮಾಡಿದರು. ಮನೆಯಲ್ಲಿ ನಾಲ್ಕು ಜನ ಕೂತು ಮೇಲಧಿಕಾರಿಯನ್ನು ಬೈದುಕೊಂಡರೆ ಸಂಸ್ಥೆ ಕೇಳಲು ಬರುವುದಿಲ್ಲ, ಅದೇ ಮಾತು ಫೋನಿನ ಖಾಸಗಿ ಗುಂಪಿನಲ್ಲಿ ನಡೆದರೆ ಮಾತ್ರ ಹೇಗೆ ಅಪರಾಧವಾಗುತ್ತದೆ ಎಂಬುದು ಆ ತೀರ್ಪಿನ ತಿರುಳು. ಒಳಗಿನ ಅಸಮಾಧಾನ ಹೊರಹಾಕುವುದೂ ಒಂದು ಹಕ್ಕು ಎಂದು ಅದು ಒಪ್ಪಿತು. ಹಾಗೆಂದು ಖಾಸಗಿ ಗುಂಪಿನಲ್ಲಿ ಏನು ಬೇಕಾದರೂ ಮಾಡಬಹುದೆಂದು ಹೇಳಲಿಲ್ಲ.

ಆ ತೀರ್ಪು ಕೇರಳದ ಕೋರ್ಟುಗಳನ್ನು ಕಟ್ಟಿ ಹಾಕುವುದಿಲ್ಲ, ಎದುರಿಗಿಟ್ಟು ವಾದಿಸಬಹುದು ಅಷ್ಟೆ. ಗುಂಪು ಎಷ್ಟು ಖಾಸಗಿ ಎಂಬ ಪ್ರಶ್ನೆಯೂ ಬರುತ್ತದೆ. ಇಪ್ಪತ್ತೆಂಟು ಸಹೋದ್ಯೋಗಿಗಳ ಗುಂಪು ಬೇರೆ, ಗಿರಾಕಿಗಳು, ಊರವರು, ಪತ್ರಕರ್ತರೆಲ್ಲ ಇರುವ ಐನೂರು ಮಂದಿಯ ಗುಂಪು ಬೇರೆ. ಸ್ಕ್ರೀನ್‌ಶಾಟ್ ಹೊರಗೆ ಕೊಟ್ಟವರು ಯಾರು ಎಂಬುದನ್ನೂ ಬಿಡಬೇಡಿ. ಅದನ್ನು ತೆಗೆದವರು ವಿಚಾರಣೆಗೆ ಬಂದು ಸಾಕ್ಷಿ ಹೇಳಲಿ ಎಂದು ಕೇಳಿ. ಎಲ್ಲಿಂದಲೋ ಬಂದ ಮಡಚಿದ ಪ್ರಿಂಟೊಂದನ್ನು ಮೇಜಿನ ಮೇಲಿಟ್ಟು ‘ಇದು ನಿನ್ನದೇ’ ಎಂದರೆ ಸಾಲದು.

ನಮ್ಮ ಉದಾಹರಣೆಯಲ್ಲಿ ಓವರ್‌ಟೈಮಿನ ಮಾತು ಇಲ್ಲಿಗೇ ಬಿದ್ದು ಹೋಗಬೇಕು. ಬಾಕಿ ಇರುವುದು ನಿಜ, ಹೇಳಿದ್ದು ಅದೇ ಬಾಕಿ ಬರಬೇಕಾದವರ ನಡುವೆ.

ಸಂಗತಿಯೋ, ಸಿಟ್ಟೋ, ಸುಳ್ಳೋ?

ಬೀಗ ಹಾಕಿದ ಬಾಗಿಲಿನ ಪೋಸ್ಟು ಊರಿಗೆಲ್ಲ ಕಂಡಿದೆ, ಕಂಪನಿಗೆ ಮುಜುಗರವೂ ಆಗಿದೆ. ಆದರೂ ಇದೇ ಮೂರರಲ್ಲಿ ಬಹಳ ಎಚ್ಚರದಿಂದ ನೋಡಬೇಕಾದದ್ದು ಎಂದು ನನ್ನ ಅಭಿಪ್ರಾಯ. ಕೆಲಸದ ವೇಳೆಯಲ್ಲಿ ಹೊರದಾರಿಗೆ ಬೀಗ ಜಡಿಯುವುದು ಜೀವಕ್ಕೆ ಸಂಬಂಧಿಸಿದ ಸಂಗತಿ. ಕೊಚ್ಚಿಯ ಬಳಿಯ ಫ್ಯಾಕ್ಟ್ ರಸಗೊಬ್ಬರ ಕಂಪನಿಯ ನೌಕರರೊಬ್ಬರು ಅಮೋನಿಯಾ ನಿರ್ವಹಣೆಯ ಸುರಕ್ಷತೆಯ ಬಗ್ಗೆ ತಂತ್ರಜ್ಞರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಆತಂಕ ಹಂಚಿಕೊಂಡದ್ದಕ್ಕೆ ಕಂಪನಿ ಕೈಗೊಂಡ ಕ್ರಮವನ್ನು ಕೇರಳ ಹೈಕೋರ್ಟ್ ಒಪ್ಪಲಿಲ್ಲ. ಅಲ್ಲಿ ಮಾತು ನಡೆದದ್ದು ಗುಂಪಿನ ಒಳಗೆ, ಇಲ್ಲಿ ಬಯಲಿನಲ್ಲಿ. ಆದ್ದರಿಂದ ಒಂದು ಪ್ರಶ್ನೆ ಹೆಚ್ಚಾಗಿ ಬರುತ್ತದೆ: ಮೊದಲು ಒಳಗೆ ಹೇಳಿದ್ದೀರಾ? ನಮ್ಮ ಕೆಲಸಗಾರರು ಪೋಸ್ಟಿಗೆ ಮೂರು ವಾರ ಮೊದಲು ಮ್ಯಾನೇಜರಿಗೆ ಬರೆದ ಚೀಟಿಯ ಫೋಟೋ ಫೋನಿನಲ್ಲಿ ಉಳಿದಿದೆ. ಆ ಒಂದು ಫೋಟೋ ವಕೀಲರ ಹತ್ತು ಪುಟದ ವಾದಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ.

ಮೂರನೆಯ ಪೋಸ್ಟಿನಲ್ಲಿ ಮಾತ್ರ ಆಡಳಿತದ ಕೈ ಗಟ್ಟಿ. ಹುಳ ಹಿಡಿದ ಬೀಜ ಕಳಿಸಿದ್ದಕ್ಕೆ ಪುರಾವೆಯಿಲ್ಲ. ಮಾಲು ಕೊಳ್ಳಬೇಡಿ ಎಂದು ಹೇಳುವುದು ಸಂಬಳದ ದೂರಲ್ಲ, ಎಲ್ಲರ ಸಂಬಳ ಬರುವ ಮೂಲಕ್ಕೇ ಏಟು. ಆರ್ಡರ್ ಹಾಳೆ ಹೊರಗೆ ಹಾಕಿದ್ದು ಮಾತಿನ ಸ್ವಾತಂತ್ರ್ಯಕ್ಕೆ ಸೇರುವುದೇ ಇಲ್ಲ, ಅದು ನಂಬಿಕೆಯ ಮೇಲೆ ಕೈಗೆ ಕೊಟ್ಟ ಕಾಗದ. ಬಾಂಬೆ ಹೈಕೋರ್ಟ್ 2023ರ ಡಿಸೆಂಬರಿನಲ್ಲಿ ವಾಹನ ಬಿಡಿಭಾಗದ ಕಂಪನಿಯೊಂದರ ಕೆಲಸಗಾರನ ವಜಾವನ್ನು ಎತ್ತಿಹಿಡಿದದ್ದು ಇಂಥ ನೆಲೆಯಲ್ಲಿಯೇ. ಕಂಪನಿಯ ವಿರುದ್ಧ ದ್ವೇಷ ಕೆರಳಿಸುವ ಉದ್ದೇಶದಿಂದ ಫೇಸ್‌ಬುಕ್ ಪೋಸ್ಟು ಹಾಕಿದರೆ ಮಾತಿನ ಸ್ವಾತಂತ್ರ್ಯ ರಕ್ಷಣೆಗೆ ಬರುವುದಿಲ್ಲ ಎಂದಿತು. ಅದಕ್ಕೂ ಬಹಳ ಹಿಂದೆ, ಫೇಸ್‌ಬುಕ್ ಹುಟ್ಟುವ ಮೊದಲೇ, 1998ರಲ್ಲಿ ಕರ್ನಾಟಕದ ಸಣ್ಣ ಕೈಗಾರಿಕೆಗಳ ಅಭಿವೃದ್ಧಿ ನಿಗಮದ ಅಧಿಕಾರಿಯೊಬ್ಬರು ರಾಜ್ಯಪಾಲರಿಗೆ ಪತ್ರ ಬರೆದು, ಪತ್ರಿಕಾ ಹೇಳಿಕೆ ಕೊಟ್ಟು ಸಂಸ್ಥೆಯ ಮುಖ್ಯಸ್ಥರನ್ನು ಟೀಕಿಸಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ವಜಾ ಸರಿಯೆಂದಿತ್ತು. ಹುದ್ದೆ ದೊಡ್ಡದಾದಷ್ಟು ಬಹಿರಂಗ ಟೀಕೆಗೆ ಇರುವ ಜಾಗ ಕಿರಿದಾಗುತ್ತದೆ.

ನಿಯಮ ಎಲ್ಲಿದೆ, ತೋರಿಸಿ

ಪೋಸ್ಟು ತಪ್ಪೇ ಇರಲಿ. ಅದನ್ನು ದುರ್ನಡತೆ ಎಂದು ಹೇಳುವ ನಿಯಮ ಸಂಸ್ಥೆಯಲ್ಲಿ ಇರಬೇಕು. ಗ್ಲ್ಯಾಕ್ಸೊ ಔಷಧ ಕಂಪನಿಯ ಪ್ರಕರಣದಲ್ಲಿ 1983ರಲ್ಲೇ ಸುಪ್ರೀಂ ಕೋರ್ಟ್ ಇದನ್ನು ಹೇಳಿದೆ: ಸ್ಟ್ಯಾಂಡಿಂಗ್ ಆರ್ಡರಿನಲ್ಲಿ, ಅಂದರೆ ಸಂಸ್ಥೆಯ ಲಿಖಿತ ಸೇವಾ ನಿಯಮಗಳಲ್ಲಿ, ಪಟ್ಟಿ ಮಾಡದ್ದನ್ನು ಆಮೇಲೆ ಎಳೆದು ತಂದು ದುರ್ನಡತೆ ಎನ್ನುವಂತಿಲ್ಲ. ಸಂಸ್ಥೆಯ ಆವರಣದಲ್ಲಿ ಅಥವಾ ಅದರ ಹತ್ತಿರ ನಡೆದದ್ದು ಎಂದು ನಿಯಮದಲ್ಲಿದ್ದರೆ, ಎಲ್ಲೋ ದೂರದಲ್ಲಿ ನಡೆದದ್ದನ್ನು ಅದರೊಳಗೆ ತುರುಕುವಂತಿಲ್ಲ. ರಾತ್ರಿ ಹತ್ತು ಗಂಟೆಗೆ ಮನೆಯ ಚಾವಡಿಯಲ್ಲಿ ಕೂತು ಹಾಕಿದ ಪೋಸ್ಟಿಗೆ ಈ ಪ್ರಶ್ನೆ ನೇರವಾಗಿ ತಾಗುತ್ತದೆ. ಹೊಸ ಕಂಪನಿಗಳು ನೇಮಕಾತಿ ಪತ್ರದಲ್ಲೇ ಜಾಲತಾಣದ ಬಗ್ಗೆ ಒಂದು ಕಲಂ ಸೇರಿಸುತ್ತವೆ. ಹಳೆಯ ಕಾರ್ಖಾನೆಗಳಲ್ಲಿ ಹೆಚ್ಚಾಗಿ ಇರುವುದಿಲ್ಲ. ನಿಮ್ಮ ಪತ್ರ ತೆಗೆದು ಓದಿ.

ಸರ್ಕಾರಿ ನೌಕರರ ದಾರಿ ಬೇರೆ. ಕೇರಳದಲ್ಲಿ ಅವರಿಗೆ 1960ರ ನಡತೆ ನಿಯಮಗಳು ಅನ್ವಯಿಸುತ್ತವೆ, ಸರ್ಕಾರದ ನೀತಿಯನ್ನು ಬಹಿರಂಗವಾಗಿ ಟೀಕಿಸಲು ಅಲ್ಲಿ ನಿರ್ಬಂಧವಿದೆ. ಸರ್ಕಾರಿ ಕೆಲಸಕ್ಕೆ ಸೇರಿದ ಮಾತ್ರಕ್ಕೆ ಮಾತಿನ ಹಕ್ಕು ಪೂರ್ತಿ ಹೋಗುವುದಿಲ್ಲ ಎಂದು ತ್ರಿಪುರ ಹೈಕೋರ್ಟ್ 2020ರಲ್ಲಿ ಫೇಸ್‌ಬುಕ್ ಪೋಸ್ಟಿನ ಪ್ರಕರಣವೊಂದರಲ್ಲಿ ಹೇಳಿದೆ. ಅದನ್ನು ಇನ್ನೊಮ್ಮೆ ವಿವರವಾಗಿ ನೋಡೋಣ.

ವಿಚಾರಣೆಯ ಮೇಜಿನಲ್ಲಿ

ಪೋಸ್ಟು ಕಣ್ಣೆದುರೇ ಇದೆಯಲ್ಲ, ವಿಚಾರಣೆ ಯಾಕೆ ಎಂದು ಆಡಳಿತದವರು ಕೇಳುತ್ತಾರೆ. ಖಾತೆ ಅವರದೇ ಎಂಬುದು, ಹೇಳಿದ್ದು ಸುಳ್ಳು ಎಂಬುದು, ನಿಯಮ ಮುರಿದಿದೆ ಎಂಬುದು ಪೋಸ್ಟಿನಿಂದಲೇ ಸಾಬೀತಾಗುವುದಿಲ್ಲ, ಅದಕ್ಕೆ. ಪೋಸ್ಟಿನಲ್ಲಿ ಬೈಸಿಕೊಂಡ ಮ್ಯಾನೇಜರೇ ವಿಚಾರಣಾಧಿಕಾರಿ ಆಗಬಾರದು. ದಾಖಲೆಗಳ ಪ್ರತಿ ಕೊಡಬೇಕು, ಸಾಕ್ಷಿಗಳನ್ನು ಪ್ರಶ್ನಿಸಲು ಬಿಡಬೇಕು. ವಿಚಾರಣಾ ವರದಿಯ ಪ್ರತಿಯನ್ನು ಶಿಕ್ಷೆ ನಿರ್ಧರಿಸುವ ಮೊದಲೇ ನೌಕರನಿಗೆ ಕೊಡಬೇಕು. ಖಾಸಗಿ ಸಂಸ್ಥೆಗೂ ಇದು ಅನ್ವಯಿಸುತ್ತದೆ ಎಂದು ಸುಪ್ರೀಂ ಕೋರ್ಟ್ 1993ರಲ್ಲಿ ಸ್ಪಷ್ಟಪಡಿಸಿದೆ. ವರದಿ ಮತ್ತು ವಜಾ ಆದೇಶ ಒಂದೇ ಕವರಿನಲ್ಲಿ ಬಂದರೆ ಆ ಕವರನ್ನು ಅಂಚೆ ಮುದ್ರೆ ಸಮೇತ ಜೋಪಾನವಾಗಿ ಇಟ್ಟುಕೊಳ್ಳಿ.

ಅಮಾನತು ಎಂದರೆ ಶಿಕ್ಷೆಯಲ್ಲ, ಸಂಬಳ ಪೂರ್ತಿ ನಿಲ್ಲುವುದೂ ಅಲ್ಲ. ಮೊದಲ 90 ದಿನ ಅರ್ಧ ಸಂಬಳದಷ್ಟು ಜೀವನಾಂಶ ಭತ್ಯೆ ಸಿಗಬೇಕು. ಅದು ಬಾರದಿದ್ದರೆ ಕಾಯುತ್ತಾ ಕೂರಬೇಡಿ, ಕಾಸರಗೋಡಿನ ಕಾರ್ಮಿಕ ಕಚೇರಿಗೆ ಬರೆದು ಕೊಡಿ. ಬಸ್ಸಿಗೆ ದುಡ್ಡಿಲ್ಲದೆ ವಿಚಾರಣೆಗೆ ಹೋಗದೆ ಉಳಿದು, ‘ನೌಕರ ಗೈರುಹಾಜರು’ ಎಂದು ಬರೆಸಿಕೊಂಡು ಕೆಲಸ ಕಳೆದುಕೊಂಡವರನ್ನು ನೋಡಿ ಸಂಕಟಪಟ್ಟಿದ್ದೇನೆ.

ತಪ್ಪಿಗೆ ತಕ್ಕ ಶಿಕ್ಷೆ

ಹಿಂದೆ ಒಂದು ಮೆಮೊ ಕೂಡ ಇಲ್ಲದ, ಹನ್ನೊಂದು ವರ್ಷ ದುಡಿದವರನ್ನು ಒಂದು ಪೋಸ್ಟಿಗೆ ವಜಾ ಮಾಡಿದರೆ ವಿವಾದ ಕೇಳುವ ಲೇಬರ್ ಕೋರ್ಟಿಗೆ ಅಥವಾ ಕೈಗಾರಿಕಾ ನ್ಯಾಯಮಂಡಳಿಗೆ ಆ ಶಿಕ್ಷೆಯನ್ನು ಇಳಿಸುವ ಅಧಿಕಾರವಿದೆ. ಪೋಸ್ಟು ಎಷ್ಟು ದಿನ ಇತ್ತು, ಕೇಳಿದ ಕೂಡಲೇ ತೆಗೆದರೇ, ಗಿರಾಕಿ ನಿಜವಾಗಿ ಕೈಬಿಟ್ಟರೇ, ಇದೆಲ್ಲ ಲೆಕ್ಕಕ್ಕೆ ಬರುತ್ತದೆ.

ನಮ್ಮ ಪ್ಯಾಕಿಂಗ್ ಕೆಲಸಗಾರರ ಉತ್ತರ ಹೀಗಿರಲಿ. ಮೊದಲನೆಯದಕ್ಕೆ: ಖಾಸಗಿ ಗುಂಪಿನ ಮಾತು, ಬಾಕಿ ಇರುವುದು ನಿಜ, ಸಂಬಳದ ಚೀಟಿ ಲಗತ್ತಿಸಿದೆ, ‘ಹೊಟ್ಟೆಗೆ ಹೊಡೆಯುವುದು’ ಎಂದರೆ ಕನ್ನಡದಲ್ಲಿ ಹಲ್ಲೆಯಲ್ಲ. ಎರಡನೆಯದಕ್ಕೆ: ಇಂಥ ದಿನ ಬರೆದು ಕೊಟ್ಟಿದ್ದೆ, ಪ್ರತಿ ಇಲ್ಲಿದೆ, ಬಾಗಿಲನ್ನು ವಿಚಾರಣಾಧಿಕಾರಿ ಬಂದು ನೋಡಲಿ. ಮೂರನೆಯದಕ್ಕೆ ವಾದ ಹೂಡದೆ: ಆರ್ಡರ್ ಹಾಳೆ ಹಾಕಿದ್ದು ತಪ್ಪಾಯಿತು, ಹುಳದ ಮಾತಿಗೆ ನನ್ನಲ್ಲಿ ಪುರಾವೆಯಿಲ್ಲ, ಪೋಸ್ಟು ತೆಗೆದಿದ್ದೇನೆ, ಅದೇ ಪುಟದಲ್ಲಿ ತಿದ್ದುಪಡಿ ಹಾಕಲು ಸಿದ್ಧ. ಕೆಳಗೆ ತಾರೀಕು, ಸಹಿ, ಲಗತ್ತುಗಳ ಸಂಖ್ಯೆ. ಎರಡು ಪ್ರತಿ ಮಾಡಿ ಒಂದಕ್ಕೆ ಕಚೇರಿಯ ಸೀಲು ಹಾಕಿಸಿ ಮನೆಗೆ ತನ್ನಿ.