ವಸಂತ ಬರಲಿಲ್ಲ, ಒಗ್ಗರಣೆ ಬಂತು

2024ರ ಫೆಬ್ರವರಿಯಲ್ಲಿ ನನಗೊಂದು ಕೆಲಸ ಬಂತು. ಯುರೋಪಿನ ಒಂದು ಕಂಪನಿಯದು. ಅಡುಗೆಮನೆ ಜಿಡ್ಡು ತೆಗೆಯುವ ಸ್ಪ್ರೇ. ಇಂಗ್ಲಿಷಿನಲ್ಲಿ ಜಾಹೀರಾತು ರೆಡಿ ಇತ್ತು, ಕನ್ನಡ ಮಾಡಿಕೊಡಿ ಅಂದರು.

ಜಾಹೀರಾತಿನ ತುಂಬ ವಸಂತ. ಚಳಿಗಾಲವಿಡೀ ಓವನ್‌ನಲ್ಲಿ ಮಾಂಸ ಸುಟ್ಟಿದ್ದೀರಿ, ಈಗ ಕಿಟಕಿ ತೆರೆಯಿರಿ, ಮನೆ ತೊಳೆಯಿರಿ ಎಂಬ ಧಾಟಿ. ಜೊತೆಗೆ ಸ್ಪ್ರಿಂಗ್ ಎಂಬ ಪದದ ಮೇಲೆ ಒಂದು ಆಟ: ಅದು ವಸಂತವೂ ಹೌದು, ಜಿಗಿಯುವುದೂ ಹೌದು. ಕನ್ನಡಕ್ಕೆ ತಂದರೆ ‘ವಸಂತ ಜಿಗಿಯಿತು’. ಯಾರೋ ಗೋಡೆ ಹಾರಿದ ಹಾಗೆ ಕೇಳಿಸುತ್ತದೆ, ಅಲ್ವಾ?

ಪದ ಬಿಟ್ಟು ಕೆಲಸದ ಕಡೆ ನೋಡಿದೆ. ಅವರು ವಸಂತಕ್ಕೆ ಮಾಡುವುದನ್ನು ನಾವು ಯುಗಾದಿಗೆ ಮಾಡುತ್ತೇವೆ. ಅಟ್ಟದ ಸಾಮಾನು ಇಳಿಸುವುದು, ಜೇಡರ ಬಲೆ ಹೊಡೆಯುವುದು, ಎಕ್ಸಾಸ್ಟ್ ಫ್ಯಾನ್ ಬಿಚ್ಚಿ ಉಜ್ಜುವುದು. ಓವನ್ ಬಹಳ ಮನೆಗಳಲ್ಲಿ ಇಲ್ಲ. ನಮ್ಮ ಜಿಡ್ಡು ಇರುವುದು ಗ್ಯಾಸ್ ಸ್ಟೌ ಹಿಂದಿನ ಟೈಲ್ಸ್ ಮೇಲೆ, ಸಾಸಿವೆ ಸಿಡಿದು ಎಣ್ಣೆ ಹಾರುವ ಜಾಗದಲ್ಲಿ. ಅಲ್ಲಿಂದಲೇ ಸಾಲು ಹುಟ್ಟಿತು: ‘ಒಗ್ಗರಣೆ ಚಟಪಟ, ಒರೆಸೋದೂ ಪಟಪಟ.’

ಇಷ್ಟಕ್ಕೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಹುಮ್ಮಸ್ಸಿನಲ್ಲಿ ಕೆಳಗೆ ‘ಎಣ್ಣೆ, ಅರಿಶಿನ, ಯಾವುದೂ ಉಳಿಯಲ್ಲ’ ಅಂತ ಸೇರಿಸಿದೆ. ಕಳಿಸುವ ಮೊದಲು ಸ್ಯಾಂಪಲ್ ಬಾಟಲಿ ತಂದು ನಮ್ಮ ಮನೆಯ ಕಟ್ಟೆ ಮೇಲೆ ಹೊಡೆದೆ. ಎಣ್ಣೆ ಹೋಯಿತು. ಆದರೆ ಅರಿಶಿನದ ಕಲೆ ಕೆಂಪಾಗಿಬಿಟ್ಟಿತು! ಅಮ್ಮ ನೋಡಿ, ‘ಏನೋ ಇದು, ಕಟ್ಟೆಗೆ ಓಕುಳಿ ಹಾಕಿದ್ದೀಯಾ?’ ಅಂದರು. ಕಾರಣ ಅದರಲ್ಲೇ ಇತ್ತು. ಆರತಿ ನೀರಿಗೆ ಅರಿಶಿನ, ಸುಣ್ಣ ಕಲಸಿದರೆ ಕೆಂಪಾಗುತ್ತದಲ್ಲ, ಅದೇ ಕತೆ. ಸುಣ್ಣವೂ ಕ್ಷಾರ, ಈ ಸ್ಪ್ರೇಯೂ ಕ್ಷಾರ. ಯುರೋಪಿನ ಅಡುಗೆಮನೆಯಲ್ಲಿ ಯಾರೂ ಇದನ್ನು ನೋಡಿರಲಿಕ್ಕಿಲ್ಲ. ಅರಿಶಿನ ಎಂಬ ಪದವನ್ನೇ ತೆಗೆದೆ.

ಉದಾಹರಣೆ ಬದಲಾದರೆ ಕೊಟ್ಟ ಮಾತೂ ಬದಲಾಗುತ್ತದೆ ಎಂದು ಆಗ ಹೊಳೆಯಿತು. ‘ಜಿಡ್ಡು ಹೋಗುತ್ತದೆ’ ಎನ್ನಲು ಅವರ ಹತ್ತಿರ ಇದ್ದ ಪುರಾವೆ ಓವನ್‌ನಲ್ಲಿ ಸುಟ್ಟ ಮಾಂಸದ ಕೊಬ್ಬಿನದು. ಒಗ್ಗರಣೆ ಎಣ್ಣೆಯದಲ್ಲ. ಹಾಗಾಗಿ ಪ್ರತಿ ಸಾಲಿಗೂ ನಾಲ್ಕು ಕಾಲಂ ಮಾಡಿ ಕಳಿಸಿದೆ: ಮೂಲ, ಕನ್ನಡ, ಆ ಕನ್ನಡದ ಮಕ್ಕಿಕಾಮಕ್ಕಿ ಇಂಗ್ಲಿಷ್, ಬದಲಿಸಿದ ಕಾರಣ. ಮೂರನೆಯ ಕಾಲಂ ಇಲ್ಲದಿದ್ದರೆ ಅವರಿಗೆ ನಾನು ಏನು ಬರೆದೆ ಅಂತಲೇ ಗೊತ್ತಾಗುವುದಿಲ್ಲ. ಅದನ್ನು ಓದಿಯೇ ಅವರ ವಕೀಲರು ಸೂರ್ಯಕಾಂತಿ ಎಣ್ಣೆಯ ಮೇಲೆ ಹೊಸದಾಗಿ ಪರೀಕ್ಷೆ ಮಾಡಿಸಿದರು. ‘ಪಟಪಟ’ಕ್ಕೂ ತಕರಾರು ಬಂತು. ಸ್ಪ್ರೇ ಹೊಡೆದು ಒಂದು ನಿಮಿಷ ಬಿಡಬೇಕಲ್ಲ, ಪಟಪಟ ಹೇಗಾಯಿತು ಅಂತ. ಪಟಪಟ ಒರೆಸುವುದಕ್ಕೆ, ಕಾಯುವುದಕ್ಕಲ್ಲ ಎಂದೆ. ‘ಸಿಂಪಡಿಸಿ, ಒಂದು ನಿಮಿಷ ಬಿಡಿ’ ಎಂದು ಕೆಳಗೆ ಹಾಕಿದ ಮೇಲೆ ಒಪ್ಪಿದರು.

ಮೂಲದ ಜೋಕು ಅತ್ತೆಯದು. ಅವಳು ಬಂದು ಸ್ಟೌ ಮೇಲೆ ಬೆರಳಾಡಿಸಿ ನೋಡುತ್ತಾಳೆ. ನಮ್ಮಲ್ಲಿ ಇದು ಜೋಕಾಗಿ ಉಳಿಯುವುದಿಲ್ಲ. ಸೊಸೆಗೆ ಬುದ್ಧಿ ಹೇಳಿದ ಹಾಗಾಗುತ್ತದೆ. ‘ಹಬ್ಬದ ದಿನ ನೆಂಟರು ಹಾಲ್‌ನಲ್ಲಿ ಕೂರಲ್ಲ, ಸೀದಾ ಅಡುಗೆಮನೆಗೇ ಬರ್ತಾರೆ’ ಅಂತ ಮಾಡಿದೆ.

ಚಿತ್ರದಲ್ಲಿ ನಲ್ಲಿ ಧಾರಾಳವಾಗಿ ಸುರಿಯುತ್ತಿತ್ತು. ಆ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ನೀರಿಲ್ಲ. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಹೇಳಿತ್ತು. ನಲ್ಲಿ ತೆಗೆಸಿ ಒದ್ದೆ ಬಟ್ಟೆ ಹಾಕಿಸಿದೆ. ಇದಕ್ಕೆ ಮಾತ್ರ ಯಾರೂ ಪ್ರಶ್ನೆ ಕೇಳಲಿಲ್ಲ.

ತಾರೀಖಿಗೆ ಜಾಸ್ತಿ ಚರ್ಚೆ ಆಯಿತು. ಅವರ ಕ್ಯಾಲೆಂಡರಿನಲ್ಲಿ ವಸಂತ ಪ್ರತಿ ವರ್ಷ ಮಾರ್ಚ್ 20ರ ಆಸುಪಾಸು. ಯುಗಾದಿ ಆ ವರ್ಷ ಏಪ್ರಿಲ್ 9ಕ್ಕೆ, ಮುಂದಿನ ವರ್ಷ ಮಾರ್ಚ್ 30ಕ್ಕೆ. ಚಾಂದ್ರಮಾನ ಎಂದರೇನು ಎಂದು ವಿವರಿಸಿ, ಹಬ್ಬಕ್ಕೆ ಎರಡು ವಾರ ಮುಂಚೆಯೇ ಜಾಹೀರಾತು ಬರುವ ಹಾಗೆ ಮಾಡಿಸಿದೆ. ಮನೆ ಉಜ್ಜುವುದು ಹಬ್ಬದ ದಿನ ಅಲ್ಲವಲ್ಲ.

ಇಷ್ಟೆಲ್ಲ ಮಾಡಿದವನು ಎಡವಿದ್ದು ಕರಾವಳಿಯಲ್ಲಿ. ಮಂಗಳೂರಿನ ವಿತರಕರೊಬ್ಬರು ಫೋನ್ ಮಾಡಿ, ‘ಪೋಸ್ಟರ್ ಚಂದ ಉಂಟು ಮಾರಾಯ್ರೆ, ಆದ್ರೆ ನಮ್ಗೆ ಹೊಸ ವರ್ಷ ಬಿಸು ಅಲ್ವಾ?’ ಅಂದರು. ಬಿಸು ಏಪ್ರಿಲ್ 14ಕ್ಕೆ, ಸೌರಮಾನದ ಲೆಕ್ಕ. ಯುರೋಪಿನವರಿಗೆ ನಾನು ಮಾಡಿದ ಪಾಠವನ್ನೇ ಅವರು ನನಗೆ ಮಾಡಿದ ಹಾಗಾಯಿತು. ಮುಂದಿನ ಕಂತಿನ ಪೋಸ್ಟರಿನಲ್ಲಿ ‘ಯುಗಾದಿ’ ತೆಗೆದು ಸುಮ್ನೆ ‘ಹಬ್ಬ’ ಅಂತ ಹಾಕಿಸಿದೆ.